ಕೊನೆಗೂ 24.5 ಬಂತು!

ಮೂರು ವಾರದಿಂದ ಕಾಡುತ್ತಿದ್ದ ಲೆಕ್ಕ ನಿನ್ನೆ ರಾತ್ರಿ ತಾಳೆಯಾಯಿತು. 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 68ನೇ ಸುತ್ತಿನ ಖರ್ಚಿನ ಡೇಟಾ, ಗ್ರಾಮೀಣ ಕರ್ನಾಟಕ. ತೆಂಡೂಲ್ಕರ್ ಸಮಿತಿಯ ಬಡತನ ರೇಖೆ ತಲೆಗೆ ತಿಂಗಳಿಗೆ 902 ರೂಪಾಯಿ. ಯೋಜನಾ ಆಯೋಗದ ಪ್ರಕಾರ ಬಡವರು ಶೇ. 24.5. ನನಗೆ ಮಾತ್ರ ಅದಕ್ಕಿಂತ ಕಡಿಮೆಯೇ ಬರುತ್ತಿತ್ತು.

ಮೊದಲ ದಿನವಂತೂ ಶೇ. 100 ಬಂದಿತ್ತು. ಅಂತರ, ಅಂದರೆ ಖರ್ಚು ರೇಖೆಗಿಂತ ಎಷ್ಟು ಕಡಿಮೆ ಅನ್ನುವುದನ್ನು, ರೇಖೆಯ ಮೇಲಿರುವವರಿಗೆ ಸೊನ್ನೆ ಮಾಡಿ ಘಾತ 0 ಹಾಕಿದ್ದೆ. ಪೈಥಾನ್‌ಗೆ `0**0` ಅಂದರೆ 1, ಹಾಗಾಗಿ ಎಲ್ಲರೂ ಬಡವರಾದರು. ಬಡವರನ್ನು ಮೊದಲೇ ಬೇರೆ ಮಾಡಿಕೊಂಡರೆ ಆ ತೊಂದರೆ ಇಲ್ಲ:

```python
p = y < z
P = (w[p] * ((z - y[p]) / z)**a).sum() / w.sum()
```

`y` ತಲಾ ಖರ್ಚು, `z` ರೇಖೆ, `w` ತೂಕ. `a` 0 ಆದರೆ ಬಡವರ ಪ್ರಮಾಣ, 1 ಆದರೆ ಬಡತನದ ಅಂತರ, 2 ಆದರೆ ಅಂತರದ ವರ್ಗ. ಮೂರು ವಾರ ತಿಂದದ್ದು ಆ `w`. ಸಮೀಕ್ಷೆಯ ಮಲ್ಟಿಪ್ಲೈಯರ್ ಅಂದರೆ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಅನ್ನುವ ಸಂಖ್ಯೆ. ಅದು ಮನೆಗಳ ಲೆಕ್ಕ, ಜನರದ್ದಲ್ಲ. ಅದನ್ನು ಮನೆಯ ಸದಸ್ಯರ ಸಂಖ್ಯೆಯಿಂದ ಗುಣಿಸಬೇಕಿತ್ತು. ಬಡವರ ಮನೆಗಳಲ್ಲಿ ಸಾಮಾನ್ಯವಾಗಿ ಜನ ಜಾಸ್ತಿ. ಮನೆ ಎಣಿಸಿದರೆ ಬಡತನ ಕಡಿಮೆ ಕಾಣುವುದು ಅದಕ್ಕೇ.

ಕೈಯಲ್ಲೇ ಮಾಡಿ ನೋಡಿ. ರೇಖೆ 1000 ಇರಲಿ. ನಾಲ್ಕು ಮನೆ: ಮೂವರ ಮನೆಯಲ್ಲಿ ತಲಾ ಖರ್ಚು 1500, ನಾಲ್ವರದ್ದು 1200, ಐವರದ್ದು 900, ಎಂಟು ಮಂದಿಯದ್ದು 600. ಮನೆ ಎಣಿಸಿದರೆ ಶೇ. 50 ಬಡವರು. ಜನರನ್ನು ಎಣಿಸಿದರೆ 20ಕ್ಕೆ 13, ಅಂದರೆ ಶೇ. 65. ಅಂತರ 0.185, ವರ್ಗ 0.0665.

ಈಗ ಎಂಟು ಮಂದಿಯ ಮನೆಯಿಂದ ತಲಾ 50 ತೆಗೆದು, ಆ 400 ರೂಪಾಯಿಯನ್ನು ಐವರ ಮನೆಗೆ ತಲಾ 80ರಂತೆ ಕೊಡಿ. ಕಡುಬಡವರಿಂದ ಕಿತ್ತುಕೊಂಡಿದ್ದೇವೆ, ಅಲ್ವಾ? ಆದರೂ ಪ್ರಮಾಣ ಅದೇ 65, ಅಂತರ ಅದೇ 0.185. ವರ್ಗ ಮಾತ್ರ 0.0811ಕ್ಕೆ ಏರುತ್ತದೆ. ತಟ್ಟೆಯಲ್ಲಿ ಕಡಿಮೆಯಾದದ್ದು ಅದಕ್ಕೊಂದಕ್ಕೇ ಗೊತ್ತಾಯಿತು. ನನಗೆ ಈ ಅಳತೆ ಇಷ್ಟವಾಗುವುದು ಅದಕ್ಕೇ.

ಪ್ರಿಂಟ್ ಅಂಗಡಿಯವರ ಮೇಲೆ ಸಿಟ್ಟೂ ಇದೆ. ಸಮೀಕ್ಷೆಯ ಫೈಲ್ ಲೇಔಟ್ ಹಾಳೆಯ ಬಲತುದಿಯ ಕಾಲಂ ಕತ್ತರಿಸಿಕೊಟ್ಟಿದ್ದರು. ಮಲ್ಟಿಪ್ಲೈಯರ್ ಟಿಪ್ಪಣಿ ಇದ್ದದ್ದೇ ಅಲ್ಲಿ! ಹಾಳೆ ತಂದವರು ಅಂಚು ನೋಡಿಕೊಳ್ಳಿ.

ಮುಂದೆ 2022-23ರ ಡೇಟಾ. ಅದರಲ್ಲಿ ಒಂದೇ ಮನೆಗೆ ಮೂರು ತಿಂಗಳು ಮೂರು ಸಲ ಹೋಗಿ, ಮೂರು ಪ್ರಶ್ನಾವಳಿಗಳಲ್ಲಿ ಖರ್ಚು ಕೇಳಿದ್ದಾರೆ. ನಡುವೆ ಮಗಳು ಬಾಣಂತನಕ್ಕೆ ಬಂದರೆ ಸದಸ್ಯರ ಸಂಖ್ಯೆಯೇ ಬದಲು. ಹಾಗಾಗಿ ಪ್ರತಿ ಭೇಟಿಯ ಖರ್ಚನ್ನು ಆ ಭೇಟಿಯ ಸಂಖ್ಯೆಯಿಂದಲೇ ಭಾಗಿಸಿ ಆಮೇಲೆ ಕೂಡಬೇಕು. ಭಾನುವಾರ ಅಲ್ಲಿಂದಲೇ ಶುರು.