ಮಂಗಳವಾರ ಮಧ್ಯಾಹ್ನ ಏನಿರುತ್ತೆ?

“ಹೋಳಿಗೆ ಇದೆ, ಚಿರೋಟಿ ಇದೆ, ಹಾಲುಬಾಯಿ ಇದೆ. ಎಲ್ಲಾ ಸರಿ ಭಟ್ರೇ. ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಏನಿರುತ್ತೆ?”

ಕಂಪನಿಯಲ್ಲಿ ಊಟದ ವಿಚಾರ ನೋಡುವ ಮೇಡಂ ಕೇಳಿದ್ದು ಇಷ್ಟೇ. ಜೋರು ಮಾಡಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಆಫೀಸ್ ಊಟದ ಕೆಲಸ ಕೇಳಿ ಭಟ್ಟರು ಕೊಟ್ಟ ಪತ್ರ ಓದಿದರು, ಹಿಂದೆ ಏನಾದರೂ ಇದೆಯಾ ಅಂತ ಹಾಳೆ ತಿರುಗಿಸಿ ನೋಡಿದರು, ಆಮೇಲೆ ಕೇಳಿದರು. ಭಟ್ಟರು ತಮ್ಮ ಮಾಮೂಲಿ ನಗು ನಕ್ಕು, “ನೀವು ಏನು ಹೇಳ್ತೀರೋ ಅದು ಮಾಡ್ತೀವಿ ಮೇಡಂ” ಅಂದರು. ಅದಕ್ಕೆ ಅವರು, “ನಾನ್ಯಾಕೆ ಹೇಳ್ಬೇಕು? ನೀವು ಹೇಳಿ” ಅಂದರು. ಅಲ್ಲಿಗೆ ಮಾತು ನಿಂತುಹೋಯಿತು. ಎರಡು ದಿನ ಆಯಿತು, ಆ ಮಾತು ಇನ್ನೂ ನನ್ನ ತಲೆಯಲ್ಲೇ ಸುತ್ತುತ್ತಿದೆ.

ಇದು ನಡೆದದ್ದು ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ. ನಾನು ಶಿವಮೊಗ್ಗದಲ್ಲಿ ಸಣ್ಣಪುಟ್ಟ ವ್ಯಾಪಾರಸ್ಥರ ಲೆಕ್ಕ ಬರೆಯುವವನು. ಭಟ್ಟರ ಲೆಕ್ಕವೂ ನನ್ನದೇ. “ಸುಮ್ನೆ ಬನ್ನಿ ಮಾರಾಯ್ರೇ, ಜಿಎಸ್‌ಟಿ ಗಿಎಸ್‌ಟಿ ಅಂತ ಕೇಳಿದ್ರೆ ನನಗೆ ಬಾಯಿ ಬರಲ್ಲ” ಅಂತ ಕರೆದುಕೊಂಡು ಹೋಗಿದ್ದರು. ಮೇಡಂ ಜಿಎಸ್‌ಟಿ ಕೇಳಲೇ ಇಲ್ಲ.

ಭಟ್ಟರು ಮದುವೆ ಅಡುಗೆಯವರು. ತೀರ್ಥಹಳ್ಳಿ ಕಡೆಯಿಂದ ಬಂದು ವಿನೋಬನಗರದಲ್ಲಿ ಅಡುಗೆಮನೆ ಮಾಡಿದ್ದಾರೆ. ಕೈರುಚಿಗೆ ಎರಡು ಮಾತಿಲ್ಲ. ಆದರೆ ಆಷಾಢ ಬಂತು ಅಂದರೆ ಕೆಲಸ ಇಲ್ಲ, ಪಕ್ಷಮಾಸದಲ್ಲಿ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಆಗ ಹುಡುಗರನ್ನ ಊರಿಗೆ ಕಳಿಸಿದರೆ ಅರ್ಧ ಜನ ವಾಪಸ್ ಬರುವುದಿಲ್ಲ, ಬೆಂಗಳೂರಿನ ಹೋಟೆಲ್ ಸೇರಿಬಿಡುತ್ತಾರೆ. ಹಾಗಾಗಿ ದಿನಾ ನಡೆಯುವ ಒಂದು ಆಫೀಸ್ ಊಟದ ಕೆಲಸ ಸಿಕ್ಕರೆ ಹುಡುಗರಾದರೂ ಉಳಿಯುತ್ತಾರೆ ಅನ್ನುವುದು ಅವರ ಆಸೆ. ಒಳ್ಳೆ ಯೋಚನೆ. ಪತ್ರ ಮಾತ್ರ ಡಿಟಿಪಿ ಅಂಗಡಿಯ ಹುಡುಗ ಬರೆದದ್ದು. ಮೇಲೆ ಗಣಪತಿ, ಕೆಳಗೆ ಬಾಳೆಎಲೆ, ನಡುವೆ “ಶುಚಿ ರುಚಿಯಾದ ಮನೆ ಊಟ, ಒಮ್ಮೆ ಅವಕಾಶ ಕೊಟ್ಟು ನೋಡಿ”, ಆಮೇಲೆ ಎರಡು ಸಾಲಿನಲ್ಲಿ ನಲವತ್ತು ತಿಂಡಿ ಸಿಹಿಗಳ ಹೆಸರು. ರೇಟ್ ಇಲ್ಲ, ಟೈಮ್ ಇಲ್ಲ. ಮದುವೆಮನೆಗೆ ಅದು ಸರಿ. ಅಲ್ಲಿ ಹುಡುಗಿ ಅಪ್ಪ ಬಂದು ಕೂತು, ಅದು ಹಾಕಿ ಇದು ತೆಗೆಯಿರಿ ಅಂತ ಗಂಟೆಗಟ್ಟಲೆ ಮಾತಾಡುತ್ತಾನೆ. ಐನೂರು ಜನಕ್ಕೆ ಮಾಡಿಸಿ ನಾನೂರು ಜನ ಬಂದರೂ ಐನೂರರ ದುಡ್ಡು ಕೊಡುತ್ತಾನೆ.

ಆಫೀಸಿನಲ್ಲಿ ಹಾಗಲ್ಲ. ಅಲ್ಲಿ ಊಟದ ವಿಚಾರ ನೋಡುವವರಿಗೆ ಊಟ ಮುಖ್ಯ ಕೆಲಸವೇ ಅಲ್ಲ. ಬಸ್ಸು, ಸೆಕ್ಯೂರಿಟಿ, ಕುಡಿಯುವ ನೀರು, ಹಾಳಾದ ಎಸಿ, ಇವುಗಳ ಜೊತೆಗೆ ಇದೂ ಒಂದು. ಅವರಿಗೆ ಬೇಕಾಗಿರುವುದು ಮೆನು ಅಲ್ಲ, ಮೆನು ಬಗ್ಗೆ ಯೋಚಿಸದೇ ಇರೋ ಹಾಗಾಗುವುದು. ಮಂಗಳವಾರ ಏನು ಅನ್ನುವುದನ್ನು ಬೇರೆಯವರು ಮೊದಲೇ ತೀರ್ಮಾನ ಮಾಡಿರಬೇಕು. ಭಟ್ಟರ ಮಟ್ಟಿಗೆ “ನೀವು ಹೇಳಿದ್ದು ಮಾಡ್ತೀವಿ” ಅನ್ನುವುದು ಮರ್ಯಾದೆಯ ಮಾತು. ಮೇಡಂ ಕಿವಿಗೆ ಅದು ಇನ್ನೊಂದು ಕೆಲಸ ಬಂತು ಅಂತ ಕೇಳಿಸಿತು.

ಸಂಜೆ ಭಟ್ಟರ ಮನೆಯಲ್ಲೇ ಕೂತು ಹೊಸ ಪತ್ರ ಬರೆದೆವು. ನಿಜ ಹೇಳಬೇಕು ಅಂದರೆ ಬರೆದವರು ಅವರ ಹೆಂಡತಿ, ನಾನು ಟೈಪ್ ಮಾಡಿದೆ. ಭಟ್ಟರಿಗೆ ಹೆಸರು ಜಾಸ್ತಿ, ಅಕ್ಕನಿಗೆ ಬುದ್ಧಿ ಜಾಸ್ತಿ. ಇದು ನನ್ನ ಅಭಿಪ್ರಾಯ, ಭಟ್ಟರು ಓದಿದರೂ ಪರವಾಗಿಲ್ಲ.

ಮೊದಲು ವಾರದ ಪಟ್ಟಿ. ಎರಡು ಚಪಾತಿ, ಒಂದು ಪಲ್ಯ, ಅನ್ನ, ಹುಳಿ ಅಥವಾ ಸಾರು, ಮಜ್ಜಿಗೆ, ಉಪ್ಪಿನಕಾಯಿ. ಬುಧವಾರ ಚಪಾತಿ ಬದಲು ಪಲಾವ್. ಮಲೆನಾಡಿನವರು ಅಂತ ಗೊತ್ತಾಗಲಿ, ಒಂದು ದಿನ ತಂಬುಳಿ ಇರಲಿ ಅಂದರು ಭಟ್ಟರು. ಅಕ್ಕ ಒಪ್ಪಲಿಲ್ಲ. “ತಂಬುಳಿ ಕುದಿಸೋದಲ್ಲ. ಹಸಿ ಕಾಯಿ ರುಬ್ಬಿ ಮೊಸರಿಗೆ ಹಾಕೋದು. ನಾವು ಹತ್ತೂವರೆಗೆ ಮಾಡಿ ವ್ಯಾನಿಗೆ ಹಾಕಿದ್ರೆ ಒಂದೂವರೆಗೆ ಅದರ ವಾಸನೆಯೇ ಬೇರೆ. ಮನೇಲಿ ಮಾಡಿದ ತಕ್ಷಣ ಉಣ್ಣೋದು ಬೇರೆ, ಇದು ಬೇರೆ” ಅಂದರು. ಕಾಯಿ ಚಟ್ನಿಯನ್ನೂ ಹಾಗೇ ತೆಗೆದುಹಾಕಿದರು. ಹುಳಿಗೆ ಕಾಯಿ ಹಾಕಬಹುದು, ಆದರೆ ಮಸಾಲೆ ಹಾಕಿದ ಮೇಲೆ ಚೆನ್ನಾಗಿ ಕುದಿಯಬೇಕು, ಕುದಿಯುತ್ತಿರುವಾಗಲೇ ಹಾಟ್ ಬಾಕ್ಸಿಗೆ ತುಂಬಬೇಕು. ಬಡಿಸುವವರೆಗೂ ಅದು 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಬೆಚ್ಚಗಿದ್ದರೆ ಸಾಕು ಅಂದುಕೊಳ್ಳುವವರು ಬಹಳ ಜನ. ಅನ್ನ, ಹುಳಿ ಕೆಡೋದು ಆ ಬೆಚ್ಚಗಿನಲ್ಲೇ. ಕೋಸಂಬರಿ ಇರಲಿ, ಆದರೆ ಉಪ್ಪು, ನಿಂಬೆಹಣ್ಣು ಅಲ್ಲಿ ಹೋದ ಮೇಲೆ. ಇಲ್ಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟು, ಬೇಳೆ ಅದರಲ್ಲಿ ಈಜುತ್ತಿರುತ್ತದೆ.

ಚಪಾತಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಕ್ಕ ಒಳಗಿಂದ ಒಂದು ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದರು. ಬಿಸಿ ಚಪಾತಿ ಹಾಗೇ ಹಾಕಿ ಮುಚ್ಚಿಟ್ಟಿದ್ದರು. ಮುಚ್ಚಳದ ಒಳಗೆಲ್ಲ ಹನಿ. ತಿರುಗಿಸುವಾಗ ಮೇಲಿನ ಚಪಾತಿಗೆ ತೊಟಕ್ಕನೆ ಬಿತ್ತು. ಮೇಲಿನ ನಾಲ್ಕೈದು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಎಳೆದರೆ ಹರಿಯುತ್ತಿದ್ದವು. ಬೇಯಿಸಿದ ಮೇಲೆ ಒಂದೆರಡು ನಿಮಿಷ ಹರಡಿ ಹಬೆ ಬಿಡಬೇಕು, ಆಮೇಲೆ ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಬೇಕಂತೆ. “ಆಫೀಸ್ ಊಟಕ್ಕೆ ಬೈಗುಳ ಬರೋದು ಸಾರಿನಿಂದಲ್ಲ, ಚಪಾತಿಯಿಂದ” ಅಂದರು.

ಆಮೇಲೆ ರೇಟ್. ಭಟ್ಟರು ಅಕ್ಕಪಕ್ಕದ ಮೆಸ್ ನೋಡಿ 75 ರೂಪಾಯಿ ಅಂದುಕೊಂಡಿದ್ದರು. ನಾನು ಲೆಕ್ಕದವನು, ಸುಮ್ಮನಿರಲು ಆಗುತ್ತಾ? 80 ಊಟಕ್ಕೆ ಲೆಕ್ಕ ಹಾಕಿದೆವು. ಚಪಾತಿ ಇರುವುದರಿಂದ ತಲೆಗೆ 100 ಗ್ರಾಂ ಅಕ್ಕಿ ಸಾಕು, 8 ಕೆಜಿ. ಅದು, ಹಿಟ್ಟು, ಬೇಳೆ, ತರಕಾರಿ, ಎಣ್ಣೆ, ಮೊಸರು ಎಲ್ಲ ಸೇರಿ ಊಟಕ್ಕೆ 36 ರೂಪಾಯಿ ಸಾಮಾನು. ಗ್ಯಾಸ್ 4, ಪೇಪರ್ ಸೋಪು ಇತ್ಯಾದಿ 3. ಇದು ಊಟ ಕಡಿಮೆಯಾದರೆ ಕಡಿಮೆಯಾಗುವ ಖರ್ಚು, 43 ರೂಪಾಯಿ. ಹುಡುಗರ ಸಂಬಳ ಮತ್ತು ವ್ಯಾನು ದಿನಕ್ಕೆ 1,840. ಇದು 80 ಆದರೂ ಅಷ್ಟೇ, 60 ಆದರೂ ಅಷ್ಟೇ. 80 ಊಟಕ್ಕೆ ಹಂಚಿದರೆ 23 ರೂಪಾಯಿ. ಒಟ್ಟು 66. ಉಳಿಯುವುದು ಊಟಕ್ಕೆ 9, ದಿನಕ್ಕೆ 720.

ಭಟ್ಟರು ಖುಷಿಯಾದರು. ಆಗ ಅಕ್ಕ ಕೇಳಿದ್ದು: “80 ಅಂತ ಹೇಳಿ 60 ಜನ ಉಂಡ್ರೆ?”

80 ಮಾಡಿರುತ್ತೇವೆ, ಖರ್ಚು 5,280. ಬರುವುದು 60ರ ದುಡ್ಡು, 4,500. ಅವತ್ತು 780 ನಷ್ಟ. ಹಿಂದಿನ ದಿನದ ಲಾಭ ಪೂರ್ತಿ ಹೋಗಿ ಮೇಲೆ 60 ರೂಪಾಯಿ ಕೈಯಿಂದ. ಆದರೆ ಅದೇ 60 ಜನ ಅಂತ ಹಿಂದಿನ ದಿನ ಸಂಜೆಯೇ ಗೊತ್ತಾದರೆ? ಬೆಳಗ್ಗೆ ಸಾಗರ ರಸ್ತೆಯ ಎಪಿಎಂಸಿಯಲ್ಲಿ ತರಕಾರಿ ಕಡಿಮೆ ತರುತ್ತೇವೆ, ಹಿಟ್ಟು ಕಡಿಮೆ ಕಲಸುತ್ತೇವೆ. ಖರ್ಚು 4,420. ಲಾಭ 80 ರೂಪಾಯಿ, ಬೆಲ್ಲ ತರೋಕೂ ಸಾಲದು, ಆದರೆ ನಷ್ಟವಂತೂ ಇಲ್ಲ. ಜನ ಅಷ್ಟೇ, ಊಟ ಅದೇ. ಸಂಜೆ ಹೇಳಿದರೆ ಒಂದು ಲೆಕ್ಕ, ಮಧ್ಯಾಹ್ನ ಗೊತ್ತಾದರೆ ಇನ್ನೊಂದು. ನಡುವಿನ ವ್ಯತ್ಯಾಸ 860 ರೂಪಾಯಿ. ಈ ಕಸುಬಿನಲ್ಲಿ ಸೋಲುವವರು ಬಹಳ ಜನ ಅಡುಗೆಯಲ್ಲಿ ಸೋಲುವುದಿಲ್ಲ, ಇಲ್ಲಿ ಸೋಲುತ್ತಾರೆ ಅಂತ ನನಗೆ ಅನ್ನಿಸಿತು. ಆಮೇಲೆ ನಷ್ಟ ತುಂಬಿಕೊಳ್ಳಲು ಬೇಳೆ ತೆಳ್ಳಗೆ ಮಾಡುತ್ತಾರೆ, ಮಜ್ಜಿಗೆಗೆ ನೀರು ಹೊಯ್ಯುತ್ತಾರೆ, ಜನ ಡಬ್ಬಿ ತರೋಕೆ ಶುರು ಮಾಡುತ್ತಾರೆ, ಲೆಕ್ಕ ಇನ್ನೂ ಇಳಿಯುತ್ತದೆ.

ಹಾಗಾಗಿ ಪತ್ರದ ನಡುವೆ, ಸಿಹಿಗಳ ಪಟ್ಟಿ ಇದ್ದ ಜಾಗದಲ್ಲಿ, ಹೀಗೆ ಬರೆದೆವು:

“ಮರುದಿನದ ಊಟದ ಸಂಖ್ಯೆಯನ್ನು ಹಿಂದಿನ ದಿನ ಸಂಜೆ 5 ಗಂಟೆಯೊಳಗೆ ವಾಟ್ಸಾಪ್‌ನಲ್ಲಿ ತಿಳಿಸಬೇಕು. ಬೆಳಗ್ಗೆ 8ರವರೆಗೆ ಐದು ಊಟ ಹೆಚ್ಚು ಕಡಿಮೆ ಮಾಡಬಹುದು. ತಿಳಿಸಿದ ಸಂಖ್ಯೆಗೆ ಬಿಲ್ ಆಗುತ್ತದೆ. ದಿನಕ್ಕೆ ಕನಿಷ್ಠ 60 ಊಟ. ಊಟ 12:45ಕ್ಕೆ ನಿಮ್ಮ ಊಟದ ಕೋಣೆಯಲ್ಲಿರುತ್ತದೆ. 1 ಗಂಟೆಯ ನಂತರ ತಲುಪಿದರೆ ಆ ದಿನದ ಬಿಲ್ಲಿನಲ್ಲಿ ಹತ್ತು ಊಟದ ಹಣ ಕಡಿತ.”

ಕೊನೆಯ ಸಾಲಿಗೆ ಭಟ್ಟರು ಹೌಹಾರಿದರು. ತುಂಗಾ ಸೇತುವೆ ಹತ್ತಿರ ಟ್ರಾಫಿಕ್ ಆದರೆ? “ಹತ್ತು ನಿಮಿಷ ಮೊದಲೇ ಹೊರಡಿ” ಅಂದರು ಅಕ್ಕ. ನಾವು ಅವರಿಂದ ಒಂದು ಮಾತು ಕೇಳುವಾಗ ನಮ್ಮದೂ ಒಂದು ಮಾತು ಕೊಡಬೇಕು, ಅದು ಸರಿ ಅಲ್ವಾ?

ಜಿಎಸ್‌ಟಿ ಬಗ್ಗೆ ಒಂದು ಸಾಲು ನಾನೇ ಸೇರಿಸಿದೆ. ದಿನಾ 80 ಊಟ, ತಿಂಗಳಿಗೆ 26 ದಿನ ಅಂದರೂ ವರ್ಷಕ್ಕೆ 18 ಲಕ್ಷ ದಾಟುತ್ತದೆ, ಮದುವೆ ಸೇರಿದರೆ 20 ಲಕ್ಷದ ಗಡಿ ಆಚೆ. ಆಗ 5 ಪರ್ಸೆಂಟ್ ತೆರಿಗೆ. ಪತ್ರದಲ್ಲಿ ಬರೀ “75 ರೂಪಾಯಿ” ಅಂತ ಬಿಟ್ಟರೆ ಕಂಪನಿಯವರು ಎಲ್ಲ ಸೇರಿ ಅಂತ ಓದಿಕೊಳ್ಳುತ್ತಾರೆ, 9 ರೂಪಾಯಿ ಲಾಭದಲ್ಲಿ ಮೂರೂವರೆ ಅಲ್ಲೇ ಹೋಗುತ್ತದೆ. “75, ಜಿಎಸ್‌ಟಿ ಪ್ರತ್ಯೇಕ” ಅಂತ ಹಾಕಿದೆ. ಆಹಾರ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್ ಗಣಪತಿ ಇದ್ದ ಜಾಗಕ್ಕೆ ಬಂತು. ಗಣಪತಿ ತೆಗೆದದ್ದಕ್ಕೆ ಭಟ್ಟರಿಗೆ ಇನ್ನೂ ಸಮಾಧಾನ ಇಲ್ಲ.

ಹಣದ ಬಗ್ಗೆ ಹದಿನೈದು ದಿನಕ್ಕೊಂದು ಬಿಲ್, ಬಿಲ್ ಕೊಟ್ಟ ಹದಿನೈದು ದಿನದಲ್ಲಿ ಪಾವತಿ ಅಂತ ಬರೆದೆವು. ತಿಂಗಳ ಕೊನೆಗೆ ಬಿಲ್, 45 ದಿನದ ಮೇಲೆ ಹಣ ಅಂದರೆ, ಮೊದಲ ದಿನ ಹಾಕಿದ ಊಟದ ದುಡ್ಡು ಎರಡೂವರೆ ತಿಂಗಳಿಗೆ ಕಾಣುತ್ತದೆ. ಅಷ್ಟರೊಳಗೆ ಮೂರು ಲಕ್ಷದ ಮೇಲೆ ಕೈಯಿಂದ ಹಾಕಿರಬೇಕು. ದಿನಸಿ ಅಂಗಡಿಯವರು ಅಷ್ಟು ದಿನ ಸಾಲ ಕೊಡುತ್ತಾರಾ? ಮೇಡಂ ಇದಕ್ಕೆ ಒಪ್ಪುವುದು ಕಷ್ಟ ಅಂತ ನನ್ನ ಅಂದಾಜು. ತಿಂಗಳಿಗೊಂದು ಬಿಲ್, 30 ದಿನ ಅನ್ನಬಹುದು. ಅದಕ್ಕಿಂತ ಮುಂದೆ ಹೋದರೆ ಬೇಡ ಅನ್ನಬೇಕು ಅಂತ ಅಕ್ಕ ಈಗಲೇ ಹೇಳಿಟ್ಟಿದ್ದಾರೆ.

ನಿನ್ನೆ ಪತ್ರ ಕೊಟ್ಟು ಬಂದರು. ಈ ಸಲ ಹಾಳೆ ತಿರುಗಿಸಲಿಲ್ಲವಂತೆ. “ಸೋಮವಾರದಿಂದ ಮೂರು ದಿನ, 60 ಊಟ, ದುಡ್ಡು ಕೊಟ್ಟೇ ಟ್ರಯಲ್ ಮಾಡೋಣ, ಶನಿವಾರದ ಲೆಕ್ಕ ಮಾತ್ರ ನನಗೇ ಗೊತ್ತಾಗಲ್ಲ, ಅದನ್ನ ಆಮೇಲೆ ನೋಡೋಣ” ಅಂದರಂತೆ. ಭಟ್ಟರು ಮೊದಲ ದಿನ ಒಂದು ಕೇಸರಿಬಾತ್ ಇಡೋಣ ಅನ್ನುತ್ತಿದ್ದಾರೆ. ಮೊದಲ ದಿನ ಇಟ್ಟರೆ ಎರಡನೇ ದಿನ ಎಲ್ಲಿ ಅಂತ ಕೇಳುತ್ತಾರೆ, ಬೇಡ ಅನ್ನುತ್ತಿದ್ದಾರೆ ಅಕ್ಕ. ಇಬ್ಬರೂ ನನಗೆ ಬೇರೆ ಬೇರೆಯಾಗಿ ಫೋನ್ ಮಾಡಿ ನ್ಯಾಯ ಹೇಳು ಅನ್ನುತ್ತಿದ್ದಾರೆ. ನಾನು ಸಕ್ಕರೆ, ತುಪ್ಪ, ಗೋಡಂಬಿಯ ಲೆಕ್ಕ ಹಾಕಿ ಇಟ್ಟುಕೊಂಡಿದ್ದೇನೆ, ಇನ್ನೂ ಯಾರಿಗೂ ಹೇಳಿಲ್ಲ.