ಅತ್ತಿಗೆಯ ಪೇಪರ್ ಬ್ಲೌಸ್

ಹೊಸನಗರದಲ್ಲಿರುವ ನಮ್ಮ ಅತ್ತಿಗೆಗೆ ಈ ತಿಂಗಳು ಆನ್‌ಲೈನ್ ಟೈಲರಿಂಗ್ ಕ್ಲಾಸಿನಿಂದ 9,000 ರೂಪಾಯಿ ಬಂತು. ಹದಿನೆಂಟು ಜನ, ತಲಾ 500. ಎರಡು ವರ್ಷದ ಹಿಂದೆ ಶುರುವಾದಾಗ ನಾಲ್ಕೇ ಜನ, ತಲಾ 300.

ಆ ಮೊದಲ ನಾಲ್ವರ ಬ್ಲೌಸೂ ಕಂಕುಳ ಹತ್ತಿರ, ಮುಂಭಾಗದಲ್ಲೇ ಮುದುರಿತ್ತು. ಫೋಟೋ ನೋಡಿದ್ದೇ ಅತ್ತಿಗೆಗೆ ಗೊತ್ತಾಯ್ತು. ಎಲ್ಲರೂ ಹಿಂಭಾಗದ ಗೆರೆಯಲ್ಲೇ ಮುಂಭಾಗವನ್ನೂ ಕತ್ತರಿಸಿದ್ದರು. ಮುಂಭಾಗದ ಆರ್ಮ್‌ಹೋಲ್, ಅಂದರೆ ತೋಳು ಕೂರಿಸುವ ಕಡೆಯ ತಿರುವು, ಸುಮಾರು ಅರ್ಧ ಇಂಚು ಹೆಚ್ಚು ಒಳಗೆ ಬರಬೇಕು, ಇಲ್ಲದಿದ್ದರೆ ಹೆಚ್ಚಿನ ಬಟ್ಟೆ ಅಲ್ಲೇ ಗುಪ್ಪೆಯಾಗುತ್ತದೆ. ಎದುರಿಗಿಟ್ಟ ಫೋನಿನಲ್ಲಿ ಆ ತಿರುವು ಯಾರಿಗೂ ಕಂಡೇ ಇರಲಿಲ್ಲ. ಮರುದಿನವೇ ತೊಲೆಗೆ ಎರಡು ಕಡೆಯಿಂದ ಹಗ್ಗ ಕಟ್ಟಿ, ಫೋನನ್ನು ಮೇಜಿನ ನೇರ ಮೇಲಕ್ಕೆ ಏರಿಸಿದರು. ಈಗ ಮೊದಲು ಹಳೇ ಪೇಪರ್ ಕತ್ತರಿಸಿ ಫೋಟೋ ಕಳಿಸಬೇಕು. ಅವರು ಕೆಂಪು ಗೆರೆ ಎಳೆದು ತಿದ್ದಿದ ಮೇಲೆಯೇ ಬಟ್ಟೆಗೆ ಕತ್ತರಿ.

ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ. ಆಗ ಪಾಠ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕುತ್ತಾರೆ.

ನಿನ್ನೆ ಕೇಳಿದೆ, ಇದನ್ನೆಲ್ಲ ನಿಮಗೆ ಯಾರು ಕಲಿಸಿದರು ಅಂತ. "ಯಾರೂ ಇಲ್ಲ ಮಾರಾಯ್ತಿ, ನನ್ನವೇ ನಾಲ್ಕು ಬ್ಲೌಸ್ ಹಾಳಾಗಿದ್ವು" ಅಂದರು. ಇಷ್ಟು ವರ್ಷ ನನ್ನ ಬ್ಲೌಸೆಲ್ಲ ಅವರೇ ಹೊಲಿದುಕೊಟ್ಟಿದ್ದು. ನಾನು ಒಮ್ಮೆಯೂ ಕೇಳಿರಲಿಲ್ಲ.