ಒಂದು ಬಸ್ಸಿನಲ್ಲಿ ಒಬ್ಬರು

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಿವಮೊಗ್ಗದ ಮಾವನಿಂದ ವಾಟ್ಸಾಪ್ ಬಂತು. nejmoa1511939.pdf ಅನ್ನೋ ಫೈಲು, ಅದರ ಕೆಳಗೆ ಎರಡೇ ಪದ: "ಇದನ್ನ ವಿವರಿಸು." ಯಾರಿಗೆ, ಯಾಕೆ, ಎಷ್ಟು ಅಂತ ಏನೂ ಇಲ್ಲ. ಔಷಧ ಪ್ರಯೋಗಗಳ ಅಂಕಿ-ಅಂಶ ನೋಡೋದೇ ನನ್ನ ಕೆಲಸ ಅಂತ ಮಾವನಿಗೆ ಗೊತ್ತು. ಅವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ನೋಟು ಎಣಿಸೋದರಲ್ಲಿ ನನಗಿಂತ ಚುರುಕು.

ಫೈಲು ತೆರೆದೆ. ಸ್ಪ್ರಿಂಟ್ ಪ್ರಯೋಗದ ಲೇಖನ, 2015ರದ್ದು, ಹದಿನಾಲ್ಕು ಪುಟ. ಬಿಪಿಯ ಮೇಲಿನ ಅಂಕಿಯನ್ನು 140ರ ಒಳಗಿಟ್ಟರೆ ಸಾಕೋ, 120ರ ಒಳಗೇ ತರಬೇಕೋ ಅಂತ ಅಮೆರಿಕದಲ್ಲಿ 9,361 ಜನರ ಮೇಲೆ ನೋಡಿದ್ದು. ನನಗೆ ಚೆನ್ನಾಗಿ ಗೊತ್ತಿರೋ ಲೇಖನ. ಎಡವಿದ್ದೂ ಅಲ್ಲೇ. ಕಾಫಿ ಮುಗಿಯೋದರೊಳಗೆ ಲೇಖನ ಸಾಗಿದ ಕ್ರಮದಲ್ಲೇ ಒಂದು ಪುಟ ಟೈಪ್ ಮಾಡಿದೆ. ಹಿನ್ನೆಲೆ, ಗುಂಪು ಮಾಡಿದ ರೀತಿ, ಫಲಿತಾಂಶ, ಮಿತಿ. "ಹೃದಯದ ತೊಂದರೆಯ ಅಪಾಯ 25% ಕಡಿಮೆಯಾಯಿತು" ಅನ್ನೋ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆ. ಇಂಗ್ಲಿಷ್ ಪದಗಳಿಗೆಲ್ಲ ಕನ್ನಡ ಹುಡುಕಿದ್ದೆ, ಅದೇ ವಿವರಣೆ ಅಂದುಕೊಂಡಿದ್ದೆ.

ಉತ್ತರವಾಗಿ ಒಂದು ಹೆಬ್ಬೆರಳು ಬಂತು. 👍

ಹೆಬ್ಬೆರಳು ಬಂದರೆ ನನಗೆ ಅನುಮಾನ. ಅರ್ಥವಾದವರು ಏನಾದರೂ ಒಂದು ಪ್ರಶ್ನೆ ಕೇಳ್ತಾರೆ. ಸಂಜೆ ನಾನೇ ಫೋನ್ ಮಾಡಿದೆ.

"ಮಾವ, ನಾನು ಬರೆದಿದ್ದು ಏನು ಅಂತ ನೀವೇ ಒಂದ್ಸಲ ಹೇಳಿ ನೋಡೋಣ."

"ಅದೇನಮ್ಮ, ಬಿಪಿ 120ಕ್ಕೆ ಇಳಿಸಿದ್ರೆ ನೂರು ಜನದಲ್ಲಿ 25 ಜನಕ್ಕೆ ಹಾರ್ಟ್ ಅಟ್ಯಾಕ್ ತಪ್ಪತ್ತೆ. ಚೆನ್ನಾಗಿ ಬರ್ದಿದೀಯ."

ಮಾವನ ತಪ್ಪೇನೂ ಇಲ್ಲ. ಕ್ಯಾಷಿಯರಿಗೆ 25% ಅಂದರೆ ನೂರಕ್ಕೆ ಇಪ್ಪತ್ತೈದು, ಅಷ್ಟೇ. ಯಾವುದರ 25% ಅಂತ ನಾನು ಹೇಳಿರಲಿಲ್ಲ.

ಲೇಖನದ ಒಳಗಿನ ಲೆಕ್ಕ ಬೇರೆ. 140ರ ಗುಂಪಿನಲ್ಲಿ ಸುಮಾರು ಮೂರೂಕಾಲು ವರ್ಷದಲ್ಲಿ ನೂರರಲ್ಲಿ 6.8 ಜನಕ್ಕೆ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸೋಲುವಂಥ ತೊಂದರೆಗಳಲ್ಲಿ ಒಂದಾದರೂ ಆಯಿತು. 120ರ ಗುಂಪಿನಲ್ಲಿ 5.2 ಜನಕ್ಕೆ. ಆ 6.8ರ ಹೆಚ್ಚುಕಡಿಮೆ ಕಾಲುಭಾಗದಷ್ಟು ಕಡಿಮೆಯಾಗಿದ್ದೇ ಇಪ್ಪತ್ತೈದು ಪರ್ಸೆಂಟು. ಜನರ ಲೆಕ್ಕದಲ್ಲಿ ನೋಡಿದರೆ ನೂರಕ್ಕೆ 1.6.

"ಮಾವ, ನಮ್ಮೂರಿಂದ ಬೆಂಗಳೂರಿಗೆ ಬರೋ ಕೆಂಪು ಬಸ್ಸು ನೆನೆಸ್ಕೊಳ್ಳಿ. ಸೀಟೆಲ್ಲ ತುಂಬಿ ಇನ್ನೊಂದು ಹತ್ತು ಜನ ನಿಂತಿದಾರೆ. ಅರವತ್ತು ಜನ ಅನ್ನಿ. ಅಷ್ಟೂ ಜನ ಮೂರು ವರ್ಷದ ಮೇಲೆ ಜಾಸ್ತಿ ಮಾತ್ರೆ ತಗೊಂಡ್ರೆ, ಅವರಲ್ಲಿ ಒಬ್ಬರಿಗೆ ಆಗ್ಬೇಕಾಗಿದ್ದ ತೊಂದರೆ ತಪ್ಪತ್ತೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಒಬ್ಬರಿಗಾ?"

"ಒಬ್ಬರಿಗೆ. ಯಾರಿಗೆ ಅಂತ ಕಂಡಕ್ಟರಿಗೂ ಗೊತ್ತಿರಲ್ಲ."

ಇಷ್ಟು ಹೇಳಿ ಬಿಟ್ಟರೆ ಅದೂ ಅನ್ಯಾಯ. ಆ ಪ್ರಯೋಗದಲ್ಲಿ ಸಾವುಗಳೂ ಕಡಿಮೆಯಾಗಿದ್ದವು, 140ರ ಗುಂಪಿನಲ್ಲಿ 210, 120ರ ಗುಂಪಿನಲ್ಲಿ 155. ಲಾಭ ಸ್ಪಷ್ಟವಾಗಿ ಕಂಡಿದ್ದರಿಂದಲೇ ಅವಧಿಗೆ ಮೊದಲೇ ನಿಲ್ಲಿಸಿದರು. ಆದರೆ ಅದೇ ಬಸ್ಸಿನಲ್ಲಿ ಇನ್ನೊಬ್ಬ ಪ್ರಯಾಣಿಕನಿದ್ದಾನೆ. ಮೂತ್ರಪಿಂಡಕ್ಕೆ ದಿಢೀರನೆ ಪೆಟ್ಟಾದವರು 140ರ ಗುಂಪಿನಲ್ಲಿ ನೂರಕ್ಕೆ 2.5, 120ರ ಗುಂಪಿನಲ್ಲಿ 4.1. ಕಳೆದು ನೋಡಿದರೆ ಅಲ್ಲೂ 1.6! ತೂಕದಲ್ಲಿ ಅದೂ ಇದೂ ಒಂದೇ ಅಲ್ಲ, ನಿಜ. ಆದರೆ ಒಂದನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿದ್ದು ನಾನು. ಬಿಪಿ ತೀರಾ ಇಳಿದು ಆಸ್ಪತ್ರೆ ಸೇರಿದವರು, ತಲೆಸುತ್ತಿ ಎಚ್ಚರ ತಪ್ಪಿದವರು ಕೂಡ 120ರ ಗುಂಪಿನಲ್ಲೇ ಹೆಚ್ಚು.

ತಲೆಸುತ್ತು ಅಂದಿದ್ದೇ ತಡ, ಮಾವ ಮೆಲ್ಲಗೆ ಬಾಯಿಬಿಟ್ಟರು. ವಾಕಿಂಗ್ ಗೆಳೆಯರೊಬ್ಬರು ಈ ಫೈಲು ಕಳಿಸಿ "140 ಹಳೇದಾಯ್ತು, ಈಗ 120" ಅಂದಿದ್ದರಂತೆ. ಇವರು ಎರಡು ದಿನದಿಂದ ರಾತ್ರಿ ಬಿಪಿ ಮಾತ್ರೆ ಇನ್ನರ್ಧ ಹೆಚ್ಚಿಗೆ ನುಂಗುತ್ತಿದ್ದಾರೆ. "ಇವತ್ತು ಬೆಳಿಗ್ಗೆ ಏಳೋವಾಗ ಒಂಚೂರು ಕಣ್ಣು ಕತ್ತಲೆ ಬಂತು. ಅದಕ್ಕೇ ನಿನಗೆ ಕಳ್ಸಿದ್ದು."

"ಬಿಪಿ ಎಲ್ಲಿ ನೋಡಿಸಿದ್ರಿ?"

"ಮೆಡಿಕಲ್ ಶಾಪಲ್ಲಿ. ವಾಕಿಂಗ್ ಮುಗಿಸ್ಕೊಂಡು ಬರ್ತಾ. 146 ಇತ್ತು."

ಲೇಖನದಲ್ಲಿ ಬಿಪಿ ಅಳೆದಿದ್ದು ಹಾಗಲ್ಲ. ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಆಮೇಲೆ ಯಂತ್ರವೇ ಮೂರು ಸಲ ಅಳೆದು ಸರಾಸರಿ ಕೊಡುತ್ತದೆ. ನಡೆದು ಬಂದು ಕೌಂಟರಿಗೆ ಒರಗಿ, ಮಾತಾಡ್ತಾ ಅಳೆಸಿಕೊಂಡ ಅಂಕಿ ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತದೆ. ಅಂದರೆ ಲೇಖನದ 120 ಬೇರೆ, ಮೆಡಿಕಲ್ ಶಾಪಿನ 120 ಬೇರೆ. ಎರಡನೆಯದನ್ನು ಬೆನ್ನಟ್ಟಿ ಮಾತ್ರೆ ಏರಿಸಿಕೊಂಡು ಹೋದರೆ ನಿಜವಾದ ಬಿಪಿ ಇನ್ನೂ ಕೆಳಗೆ ಹೋಗಿರುತ್ತದೆ.

ಇದೆಲ್ಲ ಹೇಳಿ ಮುಗಿಸುವಾಗ ಮಾವ ಕೇಳಿದರು: "ಶುಗರ್ ಇದ್ದೋರಿಗೂ ಇದೇ ಲೆಕ್ಕಾನಾ?"

ಮಾವನಿಗೆ ಸಕ್ಕರೆ ಕಾಯಿಲೆ ಇರೋದು ನನಗೆ ಮರೆತೇ ಹೋಗಿತ್ತು! ಸ್ಪ್ರಿಂಟ್‌ನಲ್ಲಿ ಮಧುಮೇಹಿಗಳನ್ನು ಸೇರಿಸಿಕೊಂಡೇ ಇರಲಿಲ್ಲ. ಪಾರ್ಶ್ವವಾಯು ಆಗಿದ್ದವರನ್ನೂ. ಸಕ್ಕರೆ ಇರುವವರ ಮೇಲೆ ಬೇರೆಯೇ ಪ್ರಯೋಗಗಳು ನಡೆದಿವೆ. 2010ರಲ್ಲಿ ಬಂದ ಅಕಾರ್ಡ್‌ನಲ್ಲಿ ಒಟ್ಟಾರೆ ಸ್ಪಷ್ಟ ಲಾಭ ಕಾಣಲಿಲ್ಲ, 2024ರಲ್ಲಿ ಚೀನಾದಿಂದ ಬಂದಿದ್ದರಲ್ಲಿ ಕಂಡಿತು. ಅದು ಬೇರೆ ಮಾತು, ಡಾಕ್ಟರ ಹತ್ತಿರ ಕೂತು ಆಡಬೇಕಾದ್ದು. ಆದರೆ ಈ ಹದಿನಾಲ್ಕು ಪುಟದಲ್ಲಿ ಮಾವ ಎಲ್ಲೂ ಇಲ್ಲ. ಬೆಳಿಗ್ಗೆ ನಾನು ಬರೆದಿದ್ದರಲ್ಲಿ ಈ ವಿಷಯ ಇತ್ತು, ಕೊನೆಯ ಪ್ಯಾರಾದಲ್ಲಿ, "ಮಿತಿಗಳು" ಅನ್ನೋ ತಲೆಬರಹದ ಕೆಳಗೆ. ಅಲ್ಲಿವರೆಗೆ ಯಾರು ಓದುತ್ತಾರೆ?

ಹೆಚ್ಚಿನ ಅರ್ಧ ಮಾತ್ರೆ ಇವತ್ತೇ ನಿಲ್ಲಿಸಿ, ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಹೋಗಿ, ನುಂಗಿದ್ದನ್ನೂ ಮುಚ್ಚಿಡಬೇಡಿ ಅಂತ ಹೇಳಿ ಫೋನಿಟ್ಟೆ. ರಾತ್ರಿ ಕೂತು ಮತ್ತೆ ಬರೆದೆ. ಓದುವವರು ಯಾರು ಅಂತ ಗೊತ್ತಿಲ್ಲದಾಗ "ಯಾಕೆ ಕೇಳ್ತೀರಿ" ಅಂತ ಹಿಂದಕ್ಕೆ ಕೇಳಬಹುದಿತ್ತು. ಆದರೆ ಮಾವನಂಥವರು "ಸುಮ್ನೆ" ಅಂದುಬಿಡ್ತಾರೆ. ಅದಕ್ಕೇ ಪ್ರಯೋಗದಲ್ಲಿ ಯಾರಿದ್ದರು ಅನ್ನೋದನ್ನೇ ಎಲ್ಲಕ್ಕಿಂತ ಮೇಲೆ ತಂದೆ:

"ಇದು 50 ದಾಟಿದ, ಬಿಪಿ ಇರುವ, ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚಿರುವ, ಆದರೆ ಸಕ್ಕರೆ ಕಾಯಿಲೆ ಇಲ್ಲದ, ಪಾರ್ಶ್ವವಾಯು ಆಗಿರದ ಜನರ ಮಾತು. ನೀವು ಇವರಲ್ಲಿ ಒಬ್ಬರಲ್ಲ ಅಂದರೆ ಮುಂದಿನ ಲೆಕ್ಕ ನಿಮ್ಮದಲ್ಲ. ಇಂಥ ಅರವತ್ತು ಜನ ಬಿಪಿಯನ್ನು 120ರ ಒಳಗೆ ತರಲು ಮೂರು ವರ್ಷಕ್ಕೂ ಮೇಲೆ ಹೆಚ್ಚು ಮಾತ್ರೆ ತೆಗೆದುಕೊಂಡಾಗ ಒಬ್ಬರಿಗೆ ಹೃದಯಾಘಾತದಂಥ ತೊಂದರೆ ತಪ್ಪಿತು, ಸಾವೂ ಕಡಿಮೆಯಾಯಿತು. ಇನ್ನೊಬ್ಬರಿಗೆ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಐದು ನಿಮಿಷ ಸುಮ್ಮನೆ ಕೂತ ಮೇಲೆ ಯಂತ್ರದಲ್ಲಿ ಅಳೆದ ಬಿಪಿ ಇದು."

ಬೆಳಗಿನದು ಒಂದು ಪುಟ, ಇದು ಐದಾರು ಸಾಲು. ಬಿಟ್ಟಿದ್ದೇ ಹೆಚ್ಚು.

ಮಂಗಳವಾರ ಮಾವನೇ ಫೋನ್ ಮಾಡಿದರು. ಡಾಕ್ಟರು ಕೂರಿಸಿ ಎರಡು ಸಲ ಅಳೆದರಂತೆ, 132 ಬಂತಂತೆ, ಮಾತ್ರೆ ಮೊದಲಿನಷ್ಟೇ ಇರಲಿ ಅಂದರಂತೆ. ನಾನು ಬರೆದಿದ್ದನ್ನು ವಾಕಿಂಗ್ ಗೆಳೆಯರಿಗೂ ಕಳಿಸಿದ್ದಾರೆ.

"ಅವರೇನಂದ್ರು ಮಾವ?"

"ಏನೂ ಅನ್ಲಿಲ್ಲ. ಹೆಬ್ಬೆರಳು ಕಳ್ಸಿದಾರೆ. ಸಂಜೆ ನಾನೇ ಒಂದ್ಸಲ ಅವ್ರ ಮನೆ ಕಡೆ ಹೋಗ್ಬರ್ತೀನಿ."